ಊರಿಗೆ ಹೊರಡುವ ಮುನ್ನ: ರಿಮೈಂಡರ್‌ಗಳನ್ನು ಹಿಂದಿನಿಂದ ಎಣಿಸಿ ಇಡುವ ಸಮಗ್ರ ಮಾರ್ಗದರ್ಶಿ

ಪ್ರಯಾಣಕ್ಕೆಂದು ಫೋನಿನಲ್ಲಿ ರಿಮೈಂಡರ್ ಇಟ್ಟುಕೊಳ್ಳುವವರು ಬಹಳ ಜನ. ಆದರೂ ರೈಲು ಹತ್ತಿದ ಮೇಲೆ ಮಾತ್ರೆಯ ಡಬ್ಬಿ ಫ್ರಿಜ್ ಮೇಲೇ ಉಳಿದದ್ದು ಗೊತ್ತಾಗುತ್ತದೆ, ತತ್ಕಾಲ್ ತೆರೆಯುವ ದಿನ ಆಗಲೇ ಕಳೆದುಹೋಗಿರುತ್ತದೆ, ಗ್ಯಾಸ್ ಬಂದ್ ಮಾಡಿದೆವೋ ಇಲ್ಲವೋ ಎಂಬ ಅನುಮಾನ ದಾರಿಯುದ್ದಕ್ಕೂ ಕಾಡುತ್ತದೆ. ಇಂಥ ಕಡೆಯೆಲ್ಲ ಸಾಮಾನ್ಯವಾಗಿ ಮೂರು ತಪ್ಪುಗಳಲ್ಲಿ ಒಂದು ನಡೆದಿರುತ್ತದೆ. ಎಣಿಕೆಯನ್ನು ರೈಲಿನ ಸಮಯದಿಂದ ಶುರು ಮಾಡಿರುತ್ತಾರೆ. ಇಲ್ಲವೇ ಕೆಲಸ ಮಾಡಲಾಗದ ಹೊತ್ತಿನಲ್ಲಿ ರಿಮೈಂಡರ್ ಬಡಿಯುತ್ತದೆ. ಅದೂ ಅಲ್ಲವಾದರೆ, ಅದರಲ್ಲಿ ಬರೆದದ್ದು ಕೆಲಸವೇ ಆಗಿರುವುದಿಲ್ಲ, "ಪ್ಯಾಕಿಂಗ್" ಎಂಬ ಒಂದು ಪದವಷ್ಟೇ ಆಗಿರುತ್ತದೆ.

ಒಂದೇ ಉದಾಹರಣೆಯನ್ನು ಮೊದಲಿನಿಂದ ಕೊನೆಯವರೆಗೂ ನಡೆಸಿಕೊಂಡು ಹೋಗುತ್ತೇನೆ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಒಂದು ಮನೆ. ಗಂಡ, ಹೆಂಡತಿ, ಹೈಸ್ಕೂಲಿಗೆ ಹೋಗುವ ಮಗಳು, ರಕ್ತದೊತ್ತಡದ ಮಾತ್ರೆ ತಗೊಳ್ಳುವ ಅತ್ತೆ, ಒಟ್ಟು ನಾಲ್ಕು ಜನ ರಾಜಸ್ಥಾನ ನೋಡಲು ಹೊರಟಿದ್ದಾರೆ. ರೈಲು ಬೆಂಗಳೂರಿನಿಂದ ಸಂಜೆ 5:30ಕ್ಕೆ ಹೊರಟು, ಹುಬ್ಬಳ್ಳಿಯನ್ನು ರಾತ್ರಿ 12:40ಕ್ಕೆ ಬಿಡುತ್ತದೆ ಅಂದುಕೊಳ್ಳಿ. ಟಿಕೆಟ್ ಮೇಲೆ ಹುಬ್ಬಳ್ಳಿಯ ಸಮಯ 2026ರ ಮೇ 16, 00:40 ಎಂದಿದೆ. ಮನೆಗೆ ವಾಪಸ್ ಬರುವುದು ಮೇ 25ಕ್ಕೆ.

## ಬೇಕಾಗುವ ಸಾಧನಗಳು

ಹೊಸ ಆ್ಯಪ್ ಏನೂ ಬೇಕಿಲ್ಲ. ಫೋನಿನಲ್ಲಿರುವ ಗೂಗಲ್ ಕ್ಯಾಲೆಂಡರ್, ಅಲಾರಂ ಇಡುವ ಗಡಿಯಾರ, ಲೆಕ್ಕ ಹಾಕಲು ಗೂಗಲ್ ಶೀಟ್ಸ್, ಫ್ರಿಜ್ ಬಾಗಿಲಿಗೆ ಅಂಟಿಸಲು ಒಂದು ಹಾಳೆ ಇದ್ದರೆ ಸಾಕು.

ಇವುಗಳಲ್ಲಿ ಒಂದೊಂದರ ಕೆಲಸವೂ ಬೇರೆ. ಕ್ಯಾಲೆಂಡರಿನಲ್ಲಿ ಹೊಸದನ್ನು ಸೇರಿಸುವಾಗ `Event` ಮತ್ತು `Task` ಎಂಬ ಎರಡು ಬಗೆ ಕಾಣುತ್ತವೆ. ಪ್ರಯಾಣದ ಕೆಲಸಗಳಿಗೆ `Task` ಆರಿಸಿ. ಈವೆಂಟ್ ಒಮ್ಮೆ ಟಿಣ್ ಎಂದು ಸುಮ್ಮನಾಗುತ್ತದೆ, ಬೆರಳಿನಿಂದ ಸರಿಸಿಬಿಟ್ಟರೆ ಅಲ್ಲಿಗೆ ಮುಗಿಯಿತು. ಟಾಸ್ಕ್ ಮಾತ್ರ ಮುಗಿಯಿತೆಂದು ನೀವು ಗುರುತು ಹಾಕುವವರೆಗೂ ಬಾಕಿ ಪಟ್ಟಿಯಲ್ಲಿ ಕೂತಿರುತ್ತದೆ. ಒಂದೇ ಈವೆಂಟಿಗೆ ನಾಲ್ಕೈದು ನೋಟಿಫಿಕೇಶನ್ ಜೋಡಿಸುವವರೂ ಇದ್ದಾರೆ. ಆಗ ಪ್ರತಿ ಸಲವೂ "ರಾಜಸ್ಥಾನ ಟ್ರಿಪ್" ಎಂಬ ಅದೇ ಸಾಲು ಬರುತ್ತದೆ. ಮೂರನೆಯ ಸಲಕ್ಕೆ ಕಣ್ಣು ಅದನ್ನು ಓದುವುದನ್ನೇ ಬಿಟ್ಟಿರುತ್ತದೆ.

ಕೊನೆಯ ಮೂರು ಗಂಟೆಗೆ ಕ್ಯಾಲೆಂಡರನ್ನು ನಂಬಬೇಡಿ. ಆಗ ಮನೆಯಲ್ಲಿ ಗದ್ದಲ ಇರುತ್ತದೆ, ಫೋನ್ ಎಲ್ಲೋ ಚಾರ್ಜಿಗೆ ಹಾಕಿರುತ್ತೀರಿ. ಬಂದ್ ಮಾಡುವವರೆಗೂ ಹೊಡೆದುಕೊಳ್ಳುವ ಅಲಾರಮ್ಮೇ ಆ ಹೊತ್ತಿಗೆ ಸರಿ.

## ಹಂತ 1: ಬೀಗ ಹಾಕುವ ಗಳಿಗೆಯನ್ನು ಗೊತ್ತು ಮಾಡಿಕೊಳ್ಳಿ

ಎಣಿಕೆಯ ಸೊನ್ನೆ ಅಂದರೆ ಮುಂಬಾಗಿಲಿಗೆ ಬೀಗ ಹಾಕುವ ಗಳಿಗೆ. ರೈಲು ಹೊರಡುವ ಸಮಯವನ್ನು ಸೊನ್ನೆ ಅಂದುಕೊಂಡರೆ ಒಂದೂವರೆ ಗಂಟೆ ಕೈತಪ್ಪುತ್ತದೆ. ಆ ಒಂದೂವರೆ ಗಂಟೆಯಲ್ಲೇ ಗ್ಯಾಸು, ನಲ್ಲಿ, ಕಿಟಕಿ ಎಲ್ಲವೂ ಇರುತ್ತವೆ.

ನಮ್ಮ ಉದಾಹರಣೆಯಲ್ಲಿ ರೈಲು 12:40ಕ್ಕೆ. ರೈಲು ಬರುವ ಅರ್ಧ ಗಂಟೆ ಮೊದಲು, ಅಂದರೆ 12:10ಕ್ಕೆ, ನಮ್ಮ ಬೋಗಿ ನಿಲ್ಲುವ ಜಾಗದಲ್ಲಿ ಇರಬೇಕು. ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ದೊಡ್ಡ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ, ಹೆಚ್ಚುಕಡಿಮೆ ಒಂದೂವರೆ ಕಿಲೋಮೀಟರ್. ಅದೇ ಪ್ಲಾಟ್‌ಫಾರ್ಮಿಗೆ ರೈಲು ಬಂದು, ಬೋಗಿ ಆ ತುದಿಗೆ ನಿಂತರೆ, ವಯಸ್ಸಾದ ಅತ್ತೆಯನ್ನೂ ಬ್ಯಾಗುಗಳನ್ನೂ ಕರೆದೊಯ್ಯಲು 20 ನಿಮಿಷ ಹಿಡಿಯಿರಿ. ಹಾಗಾಗಿ 11:50ಕ್ಕೆ ನಿಲ್ದಾಣದ ಬಾಗಿಲಲ್ಲಿ ಇಳಿದಿರಬೇಕು. ಆಟೋ ದಾರಿ ರಾತ್ರಿ ಹೊತ್ತು ಕಾಲು ಗಂಟೆಯದೇ ಆದರೂ ಸಾಮಾನು ಏರಿಸಿ ಇಳಿಸುವುದೂ ಸೇರಿ 35 ನಿಮಿಷ ಇಟ್ಟುಕೊಳ್ಳೋಣ. ಸೊನ್ನೆ ಗಳಿಗೆ ಬಂದದ್ದು ರಾತ್ರಿ 11:15ಕ್ಕೆ.

ಮನೆಯಲ್ಲಿ ಹಿರಿಯರು ರಾಹುಕಾಲ ನೋಡಿ ಹೊಸ್ತಿಲು ದಾಟುವವರಾದರೆ ಅದನ್ನೂ ಈಗಲೇ ಕೇಳಿಕೊಳ್ಳಿ. "ಸಂಜೆ ಆರರೊಳಗೆ ಮನೆ ಬಿಡೋಣ, ಆಮೇಲೆ ತಮ್ಮನ ಮನೆಯಲ್ಲಿ ಕೂತಿದ್ದು ಹೋಗೋಣ" ಎಂದು ಅತ್ತೆ ಕೊನೆಯ ದಿನ ಹೇಳಿದರೆ ಸೊನ್ನೆ ಐದು ಗಂಟೆ ಹಿಂದಕ್ಕೆ ಸರಿಯುತ್ತದೆ, ಇಟ್ಟ ಅಲಾರಮ್ಮುಗಳೆಲ್ಲ ವ್ಯರ್ಥವಾಗುತ್ತವೆ.

## ಹಂತ 2: ಮಧ್ಯರಾತ್ರಿಯ ತಾರೀಖನ್ನು ಬಿಡಿಸಿಕೊಳ್ಳಿ

ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಟಿಕೆಟ್ ಮೇಲೆ ಮೇ 16 ಎಂದಿದೆ, ಅದು ಶನಿವಾರ. ಆದರೆ 00:40 ಅಂದರೆ ಶುಕ್ರವಾರ ಊಟ ಮುಗಿಸಿ ಹೊರಡುವ ರಾತ್ರಿ. ಶನಿವಾರ ರಾತ್ರಿ ನಿಲ್ದಾಣಕ್ಕೆ ಹೋದರೆ ರೈಲು ಹೋಗಿ ಒಂದು ಇಡೀ ದಿನ ಆಗಿರುತ್ತದೆ. ಇದಕ್ಕೆ ತಿರುಗುಮುರುಗಾದ ತಪ್ಪೂ ಉಂಟು. ಶುಕ್ರವಾರ ರಾತ್ರಿ ತಾನೇ ಎಂದು ಬುಕ್ ಮಾಡುವಾಗ 15ನೇ ತಾರೀಖು ಒತ್ತಿಬಿಟ್ಟರೆ, ಸಿಗುವುದು ಗುರುವಾರ ರಾತ್ರಿಯ ರೈಲು.

ರಾತ್ರಿ 12ರಿಂದ ಬೆಳಗಿನ 5ರವರೆಗಿನ ಯಾವುದೇ ಟಿಕೆಟ್ ಇದ್ದರೆ ಫ್ರಿಜ್ ಮೇಲಿನ ಹಾಳೆಯ ತಲೆಯಲ್ಲಿ ಹೀಗೆ ಬರೆಯಿರಿ: "ಶುಕ್ರವಾರ ಮೇ 15, ರಾತ್ರಿ ಊಟ ಆದ ಮೇಲೆ 11:15ಕ್ಕೆ ಬೀಗ." ವಾರವೂ ಊಟದ ಹೊತ್ತೂ ಜೊತೆಗಿದ್ದರೆ ಯಾರೂ ದಿನ ತಪ್ಪುವುದಿಲ್ಲ. ಫೋನಿನ ಗಡಿಯಾರವನ್ನು ಈ ಕೆಲಸಕ್ಕೆ ಮಾತ್ರ 24 ಗಂಟೆಯ ಕ್ರಮಕ್ಕೆ ಬದಲಿಸಿಕೊಳ್ಳಿ. 12:10 ಎಎಂ, 12:10 ಪಿಎಂ ಅದಲುಬದಲಾಗಿ ಅಲಾರಂ ಮಧ್ಯಾಹ್ನ ಬಡಿಯುವುದು ಅದರಿಂದ ತಪ್ಪುತ್ತದೆ.

## ಹಂತ 3: ಲೆಕ್ಕವನ್ನು ಹಾಳೆಗೆ ಹಾಕಿ, ದಿನಗಳನ್ನು ಸೋಸಿ

ಗೂಗಲ್ ಶೀಟ್ಸ್‌ನಲ್ಲಿ ಮೊದಲ ಸಾಲಿನ B1 ಮನೆಯಲ್ಲಿ ಸೊನ್ನೆ ಗಳಿಗೆ ಬರೆಯಿರಿ. ಕೆಳಗಿನ ಸಾಲುಗಳಲ್ಲಿ ಒಂದು ಕಡೆ ಕೆಲಸ, ಪಕ್ಕದಲ್ಲಿ ಅದರ ಸೂತ್ರ. ರೈಲು ಬದಲಾದರೆ B1 ಒಂದನ್ನೇ ತಿದ್ದಿದರೆ ಸಾಕು, ಉಳಿದ ತಾರೀಖುಗಳು ತಾವೇ ಸರಿಯುತ್ತವೆ. ಆಮೇಲೆ ಫೋನಿನಲ್ಲಿ ಇಟ್ಟವನ್ನು ಹೊಸ ಪಟ್ಟಿಗೆ ತಕ್ಕಂತೆ ಕೈಯಾರೆ ತಿದ್ದಬೇಕು.

```
B1:  2026-05-15 23:15
=INT($B$1)-14+TIME(10,0,0)
=INT($B$1)-5+TIME(18,30,0)
=$B$1-TIME(1,30,0)
```

ಎರಡನೆಯ ಸಾಲಿನಲ್ಲಿ ಬರೀ `=$B$1-14` ಎಂದು ಬರೆದರೂ ಲೆಕ್ಕ ಬರುತ್ತದೆ. ಆದರೆ ಅದು 14 ದಿನದ ಹಿಂದಿನ ರಾತ್ರಿ 11:15ನ್ನು ತೋರಿಸುತ್ತದೆ. ಆ ಹೊತ್ತಿಗೆ "ಔಷಧಿ ತನ್ನಿ" ಎಂದು ಫೋನ್ ಹೇಳಿದರೆ ಔಷಧಿ ಅಂಗಡಿ ತೆರೆದಿರುವುದಿಲ್ಲ. `INT` ಆ ಗಂಟೆಯನ್ನು ಕಳಚಿ ತಾರೀಖನ್ನಷ್ಟೇ ಉಳಿಸುತ್ತದೆ, `TIME` ನಮಗೆ ಬೇಕಾದ ಹೊತ್ತನ್ನು ಕೂಡಿಸುತ್ತದೆ. ಉತ್ತರದಲ್ಲಿ 46143 ಎಂಬಂಥ ಸಂಖ್ಯೆ ಕಂಡರೆ ಗಾಬರಿ ಬೇಡ, ಆ ಮನೆಯ ಬಗೆಯನ್ನು `Date time` ಎಂದು ಬದಲಿಸಿ.

ತಾರೀಖು ಬಂದ ಕೂಡಲೇ ಅದನ್ನು ಫೋನಿಗೆ ಹಾಕಬೇಡಿ. ಒಂದೊಂದನ್ನೂ ಗೋಡೆಯ ಕ್ಯಾಲೆಂಡರಿಗೆ ಹಿಡಿದು ನೋಡಿ. ನಮ್ಮ ಉದಾಹರಣೆಯಲ್ಲಿ 14 ದಿನ ಮೊದಲು ಎಂದರೆ ಮೇ 1, ಕಾರ್ಮಿಕ ದಿನ. ಬ್ಯಾಂಕೂ ಇಲ್ಲ, ಸರ್ಕಾರಿ ಕಚೇರಿಯೂ ಇಲ್ಲ. ಅದನ್ನು ಏಪ್ರಿಲ್ 30ಕ್ಕೆ ಹಿಂದೆ ಸರಿಸಬೇಕು. ಒಡವೆಯನ್ನು ಲಾಕರಿನಲ್ಲಿಡುವ ಕೆಲಸವನ್ನು "ರಜೆ ಇದೆಯಲ್ಲ" ಎಂದು ಹಿಂದಿನ ವಾರದ ಶನಿವಾರಕ್ಕೆ ಹಾಕಿದರೆ ಅದು ಮೇ 9, ಎರಡನೇ ಶನಿವಾರ. ಅಂದೂ ಬ್ಯಾಂಕ್ ಬಾಗಿಲು ಹಾಕಿರುತ್ತದೆ. ಗುರುವಾರ ಮೇ 7ಕ್ಕೆ ಇಟ್ಟರೆ, ಅಂದು ಆಗದಿದ್ದರೂ ಕೈಯಲ್ಲಿ ಇನ್ನೂ ಕೆಲವು ಕೆಲಸದ ದಿನಗಳು ಉಳಿಯುತ್ತವೆ. ಯಾವಾಗಲೂ ಹಿಂದಕ್ಕೆ ಸರಿಸಿ, ಮುಂದಕ್ಕೆ ಬೇಡ.

ರಿಮೈಂಡರಿನ ಸಾಲು ಬರೆಯುವಾಗ ಯಾರು, ಏನು, ಎಷ್ಟು ಎಂಬ ಮೂರೂ ಇರಲಿ. "ಮಾತ್ರೆ" ಎಂದು ಬರೆದರೆ ನೋಡಿದವರು "ಹೌದು, ಇದೆ" ಎಂದುಕೊಂಡು ಸರಿಸಿಬಿಡುತ್ತಾರೆ. "ಅತ್ತೆಯ ಬಿಪಿ ಮಾತ್ರೆ 13 ದಿನದ್ದು ಎಣಿಸಿ ತರುವುದು, ಚೀಟಿಯೂ ಬೇಕು" ಎಂದು ಬರೆದರೆ ಎದ್ದು ಹೋಗಿ ಎಣಿಸಲೇಬೇಕಾಗುತ್ತದೆ. 16ರಿಂದ 25ರವರೆಗೆ ಹತ್ತು ದಿನ, ರೈಲು ತಡವಾದರೆ ಎಂದು ಇನ್ನು ಮೂರು ದಿನ. ಈ ಕೆಲಸಕ್ಕೆ ಎರಡು ವಾರ ಯಾಕೆಂದರೆ, ಅದೇ ಕಂಪನಿಯ ಮಾತ್ರೆ ಅಂಗಡಿಯಲ್ಲಿ ಮುಗಿದಿದ್ದರೆ ತರಿಸಿಕೊಡಲು ಅವರಿಗೂ ಸಮಯ ಬೇಕು.

## ಹಂತ 4: ಟಿಕೆಟಿನ ರಿಮೈಂಡರ್‌ಗಳು

ಇವನ್ನು ನಮ್ಮ ಸೊನ್ನೆ ಗಳಿಗೆಯಿಂದ ಎಣಿಸುವಂತಿಲ್ಲ. ರೈಲ್ವೆ ತನ್ನದೇ ಲೆಕ್ಕ ಹಿಡಿಯುತ್ತದೆ, ಆ ಲೆಕ್ಕ ಶುರುವಾಗುವುದು ರೈಲು ಮೊದಲು ಹೊರಡುವ ನಿಲ್ದಾಣದಿಂದ.

2024ರ ನವೆಂಬರ್ 1ರಿಂದ ಮುಂಗಡ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ, ಹೊರಡುವ ದಿನವನ್ನು ಬಿಟ್ಟು. ಹಿಂದೆ ಇದು 120 ದಿನ ಇತ್ತು. ಹಳೆಯ ನೆನಪಿನಲ್ಲಿ ನಾಲ್ಕು ತಿಂಗಳ ಹಿಂದಿನಿಂದಲೇ ಹುಡುಕಿ "ರೈಲೇ ತೋರಿಸುತ್ತಿಲ್ಲ" ಎನ್ನುವವರು ಈಗಲೂ ಇದ್ದಾರೆ. ನಮ್ಮ ರೈಲು ಬೆಂಗಳೂರು ಬಿಡುವುದು ಮೇ 15ಕ್ಕೆ, ಹಾಗಾಗಿ ಬುಕಿಂಗ್ ತೆರೆಯುವುದು ಮಾರ್ಚ್ 16ರ ಬೆಳಗ್ಗೆ 8ಕ್ಕೆ. ಅಲಾರಂ 7:40ಕ್ಕೆ ಇರಲಿ.

ತತ್ಕಾಲ್ ಬೇಕಾದರೆ ಇನ್ನೂ ಎಚ್ಚರ ಬೇಕು. ತತ್ಕಾಲ್ ತೆರೆಯುವುದು ರೈಲು ತನ್ನ ಮೂಲ ನಿಲ್ದಾಣ ಬಿಡುವ ಹಿಂದಿನ ದಿನ, ಎಸಿ ದರ್ಜೆಗೆ ಬೆಳಗ್ಗೆ 10ಕ್ಕೆ, ಸ್ಲೀಪರಿಗೆ 11ಕ್ಕೆ. ಟಿಕೆಟ್ ಮೇಲೆ ಮೇ 16 ಇದೆ ಎಂದು 15ರ ಬೆಳಗ್ಗೆ ಕೂತರೆ ಸೀಟು ಹಿಂದಿನ ದಿನವೇ ಮುಗಿದಿರುತ್ತದೆ. ಸರಿಯಾದ ದಿನ ಗುರುವಾರ ಮೇ 14. 2025ರ ಜುಲೈ 1ರಿಂದ ಆನ್‌ಲೈನ್ ತತ್ಕಾಲ್‌ಗೆ ಐಆರ್‌ಸಿಟಿಸಿ ಖಾತೆ ಆಧಾರ್ ದೃಢೀಕರಣ ಆಗಿರಬೇಕು. ಆಧಾರಿಗೆ ಜೋಡಿಸಿದ ಮೊಬೈಲ್ ಸಂಖ್ಯೆ ಹಳೆಯದಾಗಿದ್ದರೆ ಓಟಿಪಿ ಬರುವುದೇ ಇಲ್ಲ, ಸಂಖ್ಯೆ ಬದಲಿಸಲು ಆಧಾರ್ ಕೇಂದ್ರಕ್ಕೆ ಹೋಗಬೇಕಾಗುತ್ತದೆ. ಆದ್ದರಿಂದ "ಖಾತೆ ತೆರೆದು ಆಧಾರ್ ಆಗಿದೆಯೇ ನೋಡುವುದು" ಎಂಬ ರಿಮೈಂಡರ್ ಒಂದು ತಿಂಗಳು ಮೊದಲೇ ಇರಲಿ.

ವೇಟಿಂಗ್ ಲಿಸ್ಟಿನಲ್ಲಿದ್ದವರಿಗೆ ಚಾರ್ಟ್ ಮುಖ್ಯ. ಮೊದಲ ಚಾರ್ಟ್ ಈಗ ಕನಿಷ್ಠ 10 ಗಂಟೆ ಮೊದಲೇ ಬರುತ್ತದೆ. ಬೆಳಗಿನ ರೈಲುಗಳದ್ದು ಹಿಂದಿನ ರಾತ್ರಿಯೇ ಬಂದಿರುತ್ತದೆ. ಬೆಂಗಳೂರಿನಿಂದ 5:30ಕ್ಕೆ ಹೊರಡುವ ರೈಲಾದ್ದರಿಂದ ಮೇ 15ರ ಬೆಳಗ್ಗೆ 10ಕ್ಕೆ "ಪಿಎನ್‌ಆರ್ ನೋಡುವುದು, ಬೋಗಿ ಸಂಖ್ಯೆ ಹಾಳೆಯ ಮೇಲೆ ಬರೆಯುವುದು" ಎಂದು ಇಡಿ. ಪೂರ್ತಿ ವೇಟಿಂಗಿನಲ್ಲೇ ಉಳಿದ ಇ-ಟಿಕೆಟ್ ತಾನಾಗಿ ರದ್ದಾಗಿ ಹಣ ಖಾತೆಗೆ ವಾಪಸ್ ಬರುತ್ತದೆ, ಅದನ್ನು ಹಿಡಿದು ಕಾಯ್ದಿರಿಸಿದ ಬೋಗಿ ಹತ್ತುವಂತಿಲ್ಲ. ಆರ್‌ಎಸಿ ಆಗಿದ್ದರೆ ಹತ್ತಬಹುದು, ಕೂರಲು ಜಾಗ ಇರುತ್ತದೆ. ಬೆಳಗ್ಗೆಯೇ ಗೊತ್ತಾದರೆ ಬೇರೆ ದಾರಿ ಹುಡುಕಲು ಇಡೀ ದಿನ ಸಿಗುತ್ತದೆ. ನಿಲ್ದಾಣಕ್ಕೆ ಹೊರಡುವಾಗ ನೋಡಿದರೆ ಆ ದಿನವೇ ಇರುವುದಿಲ್ಲ.

## ಹಂತ 5: ದಾಖಲೆಗಳು

ಏಪ್ರಿಲ್ 30ಕ್ಕೆ ದಾಖಲೆಗಳನ್ನು ಹುಡುಕುವ ರಿಮೈಂಡರ್, ಮೇ 12ಕ್ಕೆ ಅವನ್ನು ಒಂದೇ ಚೀಲಕ್ಕೆ ಹಾಕುವ ರಿಮೈಂಡರ್. ಎರಡನ್ನೂ ಒಂದೇ ದಿನಕ್ಕೆ ಇಟ್ಟರೆ, ಸಿಗದ ಕಾಗದವನ್ನು ಹೊಸದಾಗಿ ಮಾಡಿಸಿಕೊಳ್ಳಲು ದಿನ ಉಳಿಯುವುದಿಲ್ಲ.

ಒಂದೇ ಪಿಎನ್‌ಆರ್‌ನಲ್ಲಿ ನಾಲ್ಕು ಜನ ಇದ್ದರೆ ಅವರಲ್ಲಿ ಒಬ್ಬರ ಮೂಲ ಗುರುತಿನ ಚೀಟಿ ಸಾಕು. ಆದರೆ ಹೋಟೆಲಿನವರು ದೊಡ್ಡವರೆಲ್ಲರದನ್ನೂ ಕೇಳುತ್ತಾರೆ. ಡಿಜಿಲಾಕರಿನಲ್ಲಿರುವ ಆಧಾರ್ ಮತ್ತು ಚಾಲನಾ ಪರವಾನಗಿಯನ್ನು ರೈಲ್ವೆ ಒಪ್ಪುತ್ತದೆ, ಅವು `Issued Documents` ವಿಭಾಗದಲ್ಲಿದ್ದರೆ ಮಾತ್ರ. ನಾವೇ ಫೋಟೋ ತೆಗೆದು ಏರಿಸಿದ ಕಡತಕ್ಕೆ ಆ ಬೆಲೆ ಇಲ್ಲ. ಇದನ್ನು ಮನೆಯಲ್ಲಿ ಕೂತು ಒಮ್ಮೆ ತೆರೆದು ನೋಡಿಕೊಳ್ಳಿ. ಊರ ಹೊರಗೆ ಸಿಗ್ನಲ್ ಇಲ್ಲದ ಕಡೆ ಡಿಜಿಲಾಕರ್ ಓಟಿಪಿ ಕೇಳಿದರೆ ಏನೂ ಮಾಡಲಾಗುವುದಿಲ್ಲ. ಹಾಗಾಗಿ ಒಂದು ಮೂಲ ಕಾರ್ಡ್ ಕೈಯಲ್ಲೇ ಇರಲಿ, ಟಿಕೆಟಿನ ಪಿಡಿಎಫ್ ಎರಡು ಫೋನುಗಳಲ್ಲಿ ಇಳಿಸಿಟ್ಟಿರಲಿ.

ವಿದೇಶ ಪ್ರಯಾಣವಾದರೆ ಈ ಹಂತವನ್ನು ಮೂರು ತಿಂಗಳು ಹಿಂದಕ್ಕೆ ಒಯ್ಯಿರಿ. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಅವಧಿ ಇರಬೇಕೆಂದು ಹಲವು ದೇಶಗಳು ಕೇಳುತ್ತವೆ.

## ಹಂತ 6: ಬ್ಯಾಗು ತುಂಬುವುದು

"ಪ್ಯಾಕಿಂಗ್" ಎಂಬುದು ಒಂದು ಕೆಲಸ ಅಲ್ಲ, ಒಂದರ ಮೇಲೊಂದು ನಿಂತ ಕೆಲಸಗಳ ಸಾಲು. ಬ್ಯಾಗಿಗೆ ಹಾಕಬೇಕಾದ ಬಟ್ಟೆ ಇಸ್ತ್ರಿ ಆಗಿರಬೇಕು, ಇಸ್ತ್ರಿ ಆಗಲು ಒಣಗಿರಬೇಕು, ಒಣಗಲು ಒಗೆದಿರಬೇಕು. ಇಸ್ತ್ರಿಯವರು ಎರಡು ದಿನ ತಗೊಳ್ಳುತ್ತಾರೆ. ಮೇ ತಿಂಗಳ ಸಂಜೆ ಮಳೆ ಬಂದರೆ ಒಣಗಲು ಇನ್ನೊಂದು ದಿನ. ಹೀಗೆ ಹಿಂದಕ್ಕೆ ಎಣಿಸುತ್ತ ಹೋದರೆ ಒಗೆಯುವ ದಿನ ಭಾನುವಾರ ಮೇ 10, ಇಸ್ತ್ರಿಗೆ ಕೊಡುವುದು ಸೋಮವಾರ ಸಂಜೆ, ಬ್ಯಾಗಿಗೆ ಹಾಕುವುದು ಬುಧವಾರ ಮೇ 13. ಒಗೆಯುವ ರಿಮೈಂಡರ್ ಇಡದೆ ಬ್ಯಾಗಿನ ರಿಮೈಂಡರ್ ಮಾತ್ರ ಇಟ್ಟರೆ ಅಂದು ರಾತ್ರಿ ಅರ್ಧ ಬ್ಯಾಗು ಖಾಲಿ ಉಳಿಯುತ್ತದೆ. ಖಾಲಿ ಉಳಿದ ಬ್ಯಾಗು ಕೊನೆಯ ದಿನದ ಗಡಿಬಿಡಿಯಲ್ಲಿ ತುಂಬುತ್ತದೆ, ಮರೆವು ಸೇರಿಕೊಳ್ಳುವುದು ಆಗಲೇ.

ಬುಧವಾರ ಬ್ಯಾಗಿಗೆ ಹೋಗುವುದು ಅಲ್ಲಿಯವರೆಗೆ ಮನೆಯಲ್ಲಿ ಬೇಕಾಗದ ವಸ್ತುಗಳು ಮಾತ್ರ. ಚಾರ್ಜರ್, ಕನ್ನಡಕ, ಬ್ರಷ್ಷು, ದಿನದ ಮಾತ್ರೆ ಇವು ಶುಕ್ರವಾರ ರಾತ್ರಿಯವರೆಗೂ ಬಳಕೆಯಲ್ಲಿರುತ್ತವೆ. ಇವನ್ನು ಮೊದಲೇ ತುಂಬಿದರೆ ಮತ್ತೆ ಹೊರತೆಗೆಯುತ್ತಾರೆ, ಹೊರಬಂದದ್ದು ವಾಪಸ್ ಒಳಗೆ ಹೋಗುವುದಿಲ್ಲ. ಇಂಥವನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ದೊಡ್ಡ ಬ್ಯಾಗಿನ ಜಿಪ್ಪಿನ ಕೊಂಡಿಗೆ ದಾರದಿಂದ ಕಟ್ಟಿ. ಜಿಪ್ ಎಳೆಯಲು ಹೋದಾಗ ಚೀಟಿ ಕೈಗೆ ತಗಲುತ್ತದೆ. ಎಲ್ಲ ಒಳಗೆ ಹೋದ ಮೇಲಷ್ಟೇ ಚೀಟಿ ಕೀಳಬೇಕು. ಕೊನೆಯ ಗಳಿಗೆಯ ವಸ್ತುಗಳಿಗೆ ಫೋನಿನ ರಿಮೈಂಡರಿಗಿಂತ ಈ ಚೀಟಿಯೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಬುತ್ತಿಗೂ ದಿನ ಗೊತ್ತು ಮಾಡಿ. ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ ಹೊರಗಿನಿಂದ ತರಿಸುವುದಾದರೆ ರೊಟ್ಟಿ ಮಾಡುವವರಿಗೆ ಮಂಗಳವಾರವೇ ಹೇಳಿರಬೇಕು. ಚಪಾತಿ ಶುಕ್ರವಾರ ಸಂಜೆಯದು. ಬಿಸಿ ಇರುವಾಗಲೇ ಡಬ್ಬಿ ಮುಚ್ಚಿದರೆ ಬೆವೆತು ಬೇಗ ಕೆಡುತ್ತದೆ, ಆದ್ದರಿಂದ ಅದರ ಅಲಾರಂ 6:30ಕ್ಕೆ ಇರಲಿ, ಆರಲು ಸಮಯ ಸಿಗುತ್ತದೆ.

## ಹಂತ 7: ಮನೆಯ ಹೊರಗಿನವರಿಗೆ ತಿಳಿಸುವುದು

ಮೇ 13ರ ಬೆಳಗ್ಗೆ ಹಾಲು ಮತ್ತು ಪೇಪರ್ ಹಾಕುವವರು ಬರುವ ಹೊತ್ತಿಗೇ ರಿಮೈಂಡರ್ ಇಡಿ. ಮಧ್ಯಾಹ್ನ ಬಡಿದರೆ ಅವರು ಕೈಗೆ ಸಿಗುವುದಿಲ್ಲ. "16ರಿಂದ 25ರವರೆಗೆ ಬೇಡ" ಎಂದು ತಾರೀಖು ಹೇಳಿ, "ಹತ್ತು ದಿನ ಬೇಡ" ಎನ್ನಬೇಡಿ.

ಮನೆ ಖಾಲಿ ಇದೆ ಎಂದು ಹೊರಗಿನವರಿಗೆ ಗೊತ್ತಾಗುವುದು ಬೀಗದಿಂದ ಮಾತ್ರ ಅಲ್ಲ. ಗೇಟಿನಲ್ಲಿ ಸಿಕ್ಕಿಸಿದ ಪೇಪರು, ಗುಡಿಸದ ಅಂಗಳ, ಅಳಿಸಿದ ರಂಗೋಲಿ ಹಾಗೇ ಉಳಿದಿರುವುದು, ಹಗಲಲ್ಲೂ ಉರಿಯುವ ಹೊರಗಿನ ದೀಪ ಇವೆಲ್ಲ ಹೇಳಿಬಿಡುತ್ತವೆ. ಪಕ್ಕದ ಮನೆಯವರಿಗೋ ಕೆಲಸಕ್ಕೆ ಬರುವವರಿಗೋ ಅಂಗಳ ಗುಡಿಸಿ ಒಂದೆಳೆ ರಂಗೋಲಿ ಹಾಕಲು, ತುಳಸಿಗೆ ನೀರು ಹಾಕಲು ಹೇಳಿ. ನಿಮ್ಮ ಠಾಣೆಗೂ ಮನೆ ಬೀಗ ಹಾಕಿರುವ ದಿನಗಳನ್ನು ತಿಳಿಸಿದರೆ ಬೀಟಿನವರು ಆ ಕಡೆ ಕಣ್ಣು ಹಾಯಿಸಲು ಅನುಕೂಲ. ಪ್ರವಾಸದ ಫೋಟೋ ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ ಹಾಕುವುದು ವಾಪಸ್ ಬಂದ ಮೇಲೆ ಎಂದು ಮಗಳಿಗೂ ಹೇಳಿರಿ.

ರಾತ್ರಿ 11 ಗಂಟೆಗೆ ಆಟೋ ಹುಡುಕುವುದು ಅಪಾಯದ ಮಾತು. ಪರಿಚಯದ ಆಟೋದವರಿಗೆ ಗುರುವಾರ ಒಮ್ಮೆ, ಶುಕ್ರವಾರ ಸಂಜೆ ಮತ್ತೊಮ್ಮೆ ಫೋನ್ ಮಾಡಿ. ಬೋಗಿ ಯಾವ ಕಡೆ ನಿಲ್ಲುತ್ತದೆ ಎಂದು ತಿಳಿದಿದ್ದರೆ ಯಾವ ಪ್ರವೇಶದ್ವಾರದ ಹತ್ತಿರ ಇಳಿಸಬೇಕೆಂದೂ ಹೇಳಿಬಿಡಿ.

## ಹಂತ 8: ಕೊನೆಯ ಮೂರು ಗಂಟೆ

ಇಲ್ಲಿಂದ ಮುಂದೆ ಅಲಾರಂ. ಒಂದೊಂದಕ್ಕೂ ಹೆಸರು ಕೊಡಿ, ಗಡಿಯಾರದ ಆ್ಯಪಿನಲ್ಲಿ ಅದಕ್ಕೆ ಜಾಗ ಇದೆ.

8:15, ಊಟ. ಊಟ ತಡವಾದರೆ ಪಾತ್ರೆ ತಡ, ಪಾತ್ರೆ ತಡವಾದರೆ ಗ್ಯಾಸ್ ಬಂದ್ ಮಾಡುವುದು ತಡ. ಫ್ರಿಜ್ಜಿನಲ್ಲಿ ಕೆಡುವಂಥದ್ದು ಏನಿದೆ ಎಂದು ಊಟದ ಜೊತೆಗೇ ನೋಡಿ ಮುಗಿಸಿ.

9:00, ದೇವರ ದೀಪ. ಹೊರಡುವಾಗ ದೀಪ ಹಚ್ಚಿ ಕೈಮುಗಿದು ಹಾಗೇ ಬೀಗ ಹಾಕುವ ರೂಢಿ ಹಲವು ಮನೆಗಳಲ್ಲಿದೆ. ಹತ್ತು ದಿನ ಮುಚ್ಚಿರುವ ಮನೆಯಲ್ಲಿ ಉರಿವ ಬತ್ತಿ, ಪಕ್ಕದಲ್ಲಿ ಒಣಗಿದ ಹೂವು, ಪರದೆಯ ಬಟ್ಟೆ ಇದ್ದರೆ ಬೆಂಕಿಗೆ ಅಷ್ಟು ಸಾಕು. ದೀಪ ಹಚ್ಚುವುದನ್ನು ಒಂಬತ್ತಕ್ಕೆ ತಂದು, ಎಣ್ಣೆ ಸ್ವಲ್ಪವೇ ಹಾಕಿ. ಬೀಗ ಹಾಕುವ ಹೊತ್ತಿಗೆ ಅದು ತಾನಾಗಿ ಶಾಂತವಾಗಿರುತ್ತದೆ, ಹಿರಿಯರ ಮನಸ್ಸಿಗೂ ನೋವಾಗುವುದಿಲ್ಲ.

9:45, ಗ್ಯಾಸು ಮತ್ತು ನೀರು. ಸಿಲಿಂಡರಿನ ರೆಗ್ಯುಲೇಟರ್ ಗುಂಡಿ ತಿರುಗಿಸಿ ಬಂದ್ ಮಾಡಿ. ಹತ್ತು ದಿನಕ್ಕಾದರೆ ರೆಗ್ಯುಲೇಟರನ್ನೇ ಕಳಚಿ ವಾಲ್ವ್ ಮೇಲೆ ಸುರಕ್ಷತಾ ಮುಚ್ಚಳ ಹಾಕುವುದು ಇನ್ನೂ ಒಳ್ಳೆಯದು. ಮುಚ್ಚಳ ಕಳೆದುಹೋಗಿದ್ದರೆ ಈಗ ಸಿಗುವುದಿಲ್ಲ, ಅದನ್ನು ನೋಡುವ ಕೆಲಸ ಏಪ್ರಿಲ್ 30ರ ಪಟ್ಟಿಯಲ್ಲಿರಲಿ. ಕಳಚಿದ ಮೇಲೂ ವಾಸನೆ ಬಂದರೆ ಕರೆಂಟಿನ ಸ್ವಿಚ್ಚು ಮುಟ್ಟದೆ, ಕಿಟಕಿ ತೆರೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಅದು ಅಡುಗೆ ಅನಿಲದ ತುರ್ತು ಸಹಾಯವಾಣಿ.

ನೀರಿನ ಕಡೆ ಹುಬ್ಬಳ್ಳಿಯವರಿಗೆ ಒಂದು ವಿಶೇಷ ಎಚ್ಚರಿಕೆ ಬೇಕು. 24 ಗಂಟೆ ನೀರು ಬರುವ ವಾರ್ಡುಗಳನ್ನು ಬಿಟ್ಟರೆ ಇಲ್ಲಿ ಕೆಲವು ದಿನಕ್ಕೊಮ್ಮೆ ನೀರು ಬಿಡುತ್ತಾರೆ. ನೀರು ಇಲ್ಲದ ದಿನ ನಲ್ಲಿ ತಿರುಗಿಸಿ ನೋಡಿ, ಬರಲಿಲ್ಲವೆಂದು ಹಾಗೇ ಬಿಟ್ಟು ಹೊರಟರೆ, ನೀವು ಊರಲ್ಲಿಲ್ಲದಾಗ ನೀರು ಬಂದು ಅಂಗಳವೆಲ್ಲ ಹರಿಯುತ್ತದೆ. ಹಾಗಾಗಿ ನಲ್ಲಿಗಳನ್ನು ಕಣ್ಣಿಂದ ನೋಡಿದರೆ ಸಾಲದು, ಒಂದೊಂದನ್ನೂ ಕೈಯಿಂದ ಬಿಗಿ ಮಾಡಿ. ನೆಲದ ತೊಟ್ಟಿಗೆ ನೀರು ಬರುವ ವಾಲ್ವನ್ನೂ, ಮೇಲಿನ ಟ್ಯಾಂಕಿನಿಂದ ಕೆಳಗಿಳಿಯುವ ವಾಲ್ವನ್ನೂ ಮುಚ್ಚಿ.

10:30, ಕರೆಂಟು ಮತ್ತು ಕಿಟಕಿ. ಗೀಸರ್, ನೀರಿನ ಮೋಟರ್, ಟಿವಿ, ವಾಷಿಂಗ್ ಮಷಿನ್, ಇಸ್ತ್ರಿಪೆಟ್ಟಿಗೆ ಇವುಗಳ ಪ್ಲಗ್ ಕೀಳಿ. ಫ್ರಿಜ್ಜಿನಲ್ಲಿ ಸಾಮಾನು ಇದ್ದರೆ ಮೇನ್ ಸ್ವಿಚ್ ಆಫ್ ಮಾಡುವಂತಿಲ್ಲ. ಪೂರ್ತಿ ಖಾಲಿ ಮಾಡಿ ಆಫ್ ಮಾಡುವುದಾದರೆ ಒಳಗೆ ಒರೆಸಿ ಬಾಗಿಲು ಸ್ವಲ್ಪ ತೆರೆದಿಡಿ, ಇಲ್ಲವಾದರೆ ಬೂಸ್ಟು ಹಿಡಿಯುತ್ತದೆ. ಕಿಟಕಿ ಮತ್ತು ಹಿತ್ತಲ ಬಾಗಿಲನ್ನು ಹಿಂದಿನಿಂದ ಮುಂದಕ್ಕೆ ಹಾಕುತ್ತ ಬನ್ನಿ. ಹಾಕಿದ ಕೋಣೆಗೆ ಮತ್ತೆ ಯಾರೂ ಹೋಗಬಾರದು.

10:45, ರೈಲು ಎಲ್ಲಿದೆ. ನಮ್ಮ ರೈಲು ದಾವಣಗೆರೆ ಬಿಟ್ಟಿದೆಯೇ ನೋಡಿ, ಅಲ್ಲಿಂದ ಹುಬ್ಬಳ್ಳಿಗೆ ಸುಮಾರು ಎರಡು ಗಂಟೆ. ಸಂಜೆಯೇ "ರೈಲು 50 ನಿಮಿಷ ತಡ" ಎಂದು ಕಂಡರೆ ಸೊನ್ನೆ ಗಳಿಗೆಯನ್ನು ಮುಂದೂಡಬೇಡಿ, ದಾರಿಯಲ್ಲಿ ಅದು ತಡವನ್ನು ಸರಿದೂಗಿಸಿಕೊಳ್ಳಬಹುದು.

11:05, ಚೀಟಿ ಮತ್ತು ಬೀಗ. ಜಿಪ್ಪಿನ ಚೀಟಿ ಕಿತ್ತು, ಕೀಲಿಯ ಒಂದು ಗೊಂಚಲು ನಿಮ್ಮ ಹತ್ತಿರ, ಇನ್ನೊಂದು ನಂಬಿಕೆಯ ನೆರೆಯವರ ಹತ್ತಿರ. ಎರಡನ್ನೂ ಒಂದೇ ಬ್ಯಾಗಿಗೆ ಹಾಕಬೇಡಿ.

ಪ್ರತಿ ಕೆಲಸವೂ ಒಬ್ಬರದೇ ಆಗಿರಬೇಕು. "ಏನ್ರೀ, ಗ್ಯಾಸ್ ಬಂದ್ ಮಾಡೀರೇನು?" "ನೀ ಮಾಡಿರ್ತಿ ಅನ್ಕೊಂಡಿದ್ದೆ" ಎಂಬ ಮಾತು ರೈಲಿನಲ್ಲಿ ನಡೆಯುವುದು ಇಬ್ಬರ ಮೇಲೂ ಬಿಟ್ಟ ಕೆಲಸದಿಂದ. ಹಾಳೆಯ ಮೇಲೆ ಒಬ್ಬರ ಹೆಸರು ಬರೆಯಿರಿ. ಅವರು ಕಳಚಿದ ರೆಗ್ಯುಲೇಟರು, ಮುಚ್ಚಿದ ವಾಲ್ವು, ಹಾಕಿದ ಬೀಗ ಈ ಮೂರರ ಫೋಟೋ ತೆಗೆದುಕೊಳ್ಳಲಿ. ಫೋಟೋದಲ್ಲಿ ಸಮಯವೂ ಉಳಿಯುತ್ತದೆ, ಮಧ್ಯರಾತ್ರಿ ಅನುಮಾನ ಬಂದರೆ ತೆರೆದು ನೋಡಿದರಾಯಿತು.

## ಎಣಿಕೆ ಕೆಡುತ್ತಿದೆ ಎಂದು ತಿಳಿಯುವುದು ಹೇಗೆ

ಬಾಕಿ ಪಟ್ಟಿಯಲ್ಲಿ ಎರಡು ದಿನ ಹಳೆಯ ಮೂರು ಕೆಲಸಗಳು ಕೂತಿದ್ದರೆ, ಹೊತ್ತು ತಪ್ಪಾಗಿ ಇಟ್ಟಿದ್ದೀರಿ ಎಂದೇ ಅರ್ಥ. ಅವು ಬಹುತೇಕ ಕಚೇರಿಯಲ್ಲಿದ್ದಾಗ ಬಡಿದಿರುತ್ತವೆ. ಸ್ನೂಜ್ ಒತ್ತುತ್ತ ಹೋಗದೆ, ಮನೆಯಲ್ಲಿರುವ ಹೊತ್ತಿಗೆ ಅಥವಾ ಅಂಗಡಿ ದಾರಿಯಲ್ಲಿ ಸಿಗುವ ಹೊತ್ತಿಗೆ ಬದಲಿಸಿ.

ರಿಮೈಂಡರ್ ಬಡಿಯದೇ ಇದ್ದರೆ ಫೋನಿನ ಬ್ಯಾಟರಿ ಉಳಿಸುವ ವ್ಯವಸ್ಥೆ ಕ್ಯಾಲೆಂಡರನ್ನು ಮಲಗಿಸಿರಬಹುದು. ಸೆಟ್ಟಿಂಗ್ಸ್‌ನಲ್ಲಿ ಕ್ಯಾಲೆಂಡರ್ ಆ್ಯಪಿನ ಬ್ಯಾಟರಿ ಭಾಗಕ್ಕೆ ಹೋಗಿ `Unrestricted` ಆರಿಸಿ, ನೋಟಿಫಿಕೇಶನ್ ಅನುಮತಿಯನ್ನೂ ನೋಡಿ. ಪರೀಕ್ಷೆ ಸುಲಭ. ಹತ್ತು ನಿಮಿಷ ಮುಂದಕ್ಕೆ ಒಂದು ಟಾಸ್ಕ್ ಇಟ್ಟು, ಪರದೆ ಆರಿಸಿ, ಫೋನ್ ಮೇಜಿನ ಮೇಲೆ ಬಿಡಿ. ಮುಟ್ಟದೆಯೇ ಅದು ಸದ್ದು ಮಾಡಬೇಕು. ಈ ಪರೀಕ್ಷೆಯನ್ನು ಏಪ್ರಿಲ್‌ನಲ್ಲೇ ಮಾಡಿಕೊಳ್ಳಿ.

## ಹಂತ 9: ವಾಪಸ್ ಬರುವಾಗಿನ ಎರಡು ರಿಮೈಂಡರ್

ಮೇ 24ರ ಸಂಜೆಗೆ ಒಂದು: ಹಾಲಿನವರಿಗೆ ಫೋನ್ ಮಾಡಿ 26ರಿಂದ ಹಾಕಲು ಹೇಳುವುದು, ಕೀಲಿ ಇರುವ ನೆರೆಯವರಿಗೆ ಬರುವ ಹೊತ್ತು ತಿಳಿಸುವುದು. ಇನ್ನೊಂದು 25ಕ್ಕೆ, ಮನೆ ತಲುಪುವ ಹೊತ್ತಿಗೆ: ಮೊದಲು ಅಡುಗೆಮನೆಯ ಕಿಟಕಿ ತೆರೆಯುವುದು, ವಾಸನೆ ಇಲ್ಲವೆಂದು ನೋಡಿಕೊಂಡ ಮೇಲೆ ಲೈಟಿನ ಸ್ವಿಚ್ಚು, ಆಮೇಲೆ ರೆಗ್ಯುಲೇಟರ್. ನೀರಿನ ವಾಲ್ವನ್ನು ತೆರೆಯದೆ ಮೋಟರ್ ಹಾಕಿದರೆ ಅದು ಒಣಗಿಯೇ ಓಡಬಹುದು, ಹಾಗಾಗಿ ತೊಟ್ಟಿಯ ಮುಚ್ಚಳ ಎತ್ತಿ ನೀರಿದೆಯೇ ನೋಡಿ ಮೋಟರ್ ಹಾಕಿ.